ತೋಟದ ಬೋರ್ಡಿಗೆ ಪ್ರೋಗ್ರಾಮರ್ ಬೇಕಾ, ಸೀರಿಯಲ್ ವಯರ್ ಸಾಕಾ?

ಹೆಬ್ರಿಯಿಂದ ಆಗುಂಬೆ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಅಡಿಕೆ ತೋಟ. ಕೆರೆಯ ಬದಿಯಲ್ಲಿ ಪಂಪು ಶೆಡ್, ಶೆಡ್ಡಿನ ಗೋಡೆಯಲ್ಲಿ ನಾವು ಮಂಗಳೂರಿನಲ್ಲಿ ಮಾಡಿ ಕೊಟ್ಟ ಕಂಟ್ರೋಲರ್ ಪೆಟ್ಟಿಗೆ. ಮೊಬೈಲಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಶುರುವಾಗಬೇಕು. ನೀರು ತಳ ಸೇರಿದರೆ ತಾನೇ ನಿಲ್ಲಬೇಕು. ನೀರಿಲ್ಲದೆ ತಿರುಗುವ ಮೋಟಾರ್ ಕಡಿಮೆ ಕರೆಂಟ್ ಎಳೆಯುತ್ತದೆ, ಬೋರ್ಡು ಅದನ್ನು ನೋಡಿ ಕಾಂಟ್ಯಾಕ್ಟರ್ ಬಿಡಿಸುತ್ತದೆ. ಆದರೆ ನಡುರಾತ್ರಿ ವೋಲ್ಟೇಜ್ ಏರಿದಾಗ ಖಾಲಿ ಮೋಟಾರೂ ಜಾಸ್ತಿ ಕರೆಂಟ್ ಎಳೆಯುತ್ತದೆ. ನಮ್ಮ ಹಳೆಯ ಫರ್ಮ್‌ವೇರಿಗೆ ಅದು ನೀರಿದ್ದ ಹಾಗೆಯೇ ಕಾಣುತ್ತಿತ್ತು. ವೋಲ್ಟೇಜ್ ನೋಡಿಕೊಂಡು ಮಿತಿಯನ್ನೂ ಬದಲಿಸುವ ಹೊಸ ಫರ್ಮ್‌ವೇರ್ ಬರೆದೆವು. ಬರೆಯುವ ಕೆಲಸ ಒಂದು ವಾರದ್ದು. ಆಮೇಲೆ ಅದನ್ನು ಕಾರ್ಕಳ, ಹೆಬ್ರಿ ಸುತ್ತಮುತ್ತ ಆಗಲೇ ಗೋಡೆ ಸೇರಿದ್ದ 27 ಬೋರ್ಡುಗಳಿಗೆ ಹಾಕಬೇಕು.

ಹಾಕಲು ದಾರಿ ಎರಡು. ಪ್ರೋಗ್ರಾಮರ್ ತೆಗೆದುಕೊಂಡು ಹೋಗಿ ಚಿಪ್ಪಿನ ಕಾಲುಗಳಿಗೆ ನೇರ ಜೋಡಿಸುವುದು ಒಂದು. ಚಿಪ್ಪಿನೊಳಗೆ ಮೊದಲೇ ಸೀರಿಯಲ್ ಬೂಟ್‌ಲೋಡರ್ ಎಂಬ, ಹೊಸ ಫರ್ಮ್‌ವೇರನ್ನು ಒಳಗೆ ಬರೆಯುವ ಸಣ್ಣ ಪ್ರೋಗ್ರಾಂ ಇಟ್ಟು, ಮಾಮೂಲಿ ಯುಎಸ್‌ಬಿ-ಸೀರಿಯಲ್ ವಯರಿನಿಂದ ಹಾಕುವುದು ಇನ್ನೊಂದು. ಈಗಿನ ಕೆಲವು ಚಿಪ್ಪುಗಳಲ್ಲಿ ಬೂಟ್‌ಲೋಡರನ್ನು ಫ್ಯಾಕ್ಟರಿಯವರೇ ಇಟ್ಟು ಕಳಿಸುತ್ತಾರೆ, ಅದನ್ನು ಮೂರನೆಯ ದಾರಿ ಅನ್ನಬಹುದು. ಯಾವುದನ್ನು ಯಾವಾಗ ಆರಿಸಬೇಕು ಎಂದು ನಮ್ಮ ಈ ಪಂಪು ಬೋರ್ಡನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೋರ್ಡಿನ ಚಿಪ್ ಎಟಿಮೆಗಾ328ಪಿ. ಆರ್ಡುಯಿನೋ ಊನೋ ಆರ್3ರಲ್ಲಿ ಇರುವುದು ಇದೇ ಚಿಪ್, ಹಾಗಾಗಿ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಇದು ಗೊತ್ತು.

ಚಿಪ್ ತನ್ನನ್ನು ತಾನೇ ಬರೆದುಕೊಳ್ಳುವುದು ಹೇಗೆ

ಈ ಚಿಪ್ಪಿನಲ್ಲಿ 32 ಕೆಬಿ ಫ್ಲ್ಯಾಶ್ ಇದೆ. ಅದರ ಕೊನೆಯ ಒಂದು ತುಂಡನ್ನು ಬೂಟ್ ಭಾಗ ಎಂದು ಬೇರೆ ಮಾಡಿ ಇಡಬಹುದು. ಫ್ಲ್ಯಾಶಿಗೆ ಬರೆಯುವ ಸೂಚನೆಯ ಹೆಸರು ಎಸ್‌ಪಿಎಂ. ಅದು ಕೆಲಸ ಮಾಡುವುದು ಬೂಟ್ ಭಾಗದಲ್ಲಿರುವ ಕೋಡಿನಿಂದ ಕರೆದಾಗ ಮಾತ್ರ. ಅಂದರೆ ಮನೆಯ ಒಂದು ಕೋಣೆಯಲ್ಲಿ ಕುಳಿತವನಿಗೆ ಮಾತ್ರ ಉಳಿದ ಕೋಣೆಗಳ ಗೋಡೆ ಒಡೆದು ಕಟ್ಟುವ ಹಕ್ಕು ಕೊಟ್ಟ ಹಾಗೆ. ಬರೆಯುವುದು ಬೈಟ್ ಬೈಟ್ ಆಗಿ ಅಲ್ಲ, ಪುಟ ಪುಟವಾಗಿ. ಒಂದು ಪುಟ ಅಂದರೆ 128 ಬೈಟ್. ಸೀರಿಯಲ್ ವಯರಿನಲ್ಲಿ 128 ಬೈಟ್ ಬಂದು ಸೇರಿದ ಮೇಲೆ ಆ ಪುಟವನ್ನು ಅಳಿಸಿ, ಹೊಸದನ್ನು ಬರೆದು, ಮುಂದಿನ ಪುಟಕ್ಕೆ ಹೋಗುತ್ತದೆ.

ನಾವು ಬಳಸುವುದು ಆಪ್ಟಿಬೂಟ್. ಅದರ ಇಡೀ ಗಾತ್ರ 512 ಬೈಟ್, ಅಂದರೆ ನಾಲ್ಕೇ ಪುಟ. `0x7E00` ಎಂಬ ವಿಳಾಸದಿಂದ ಫ್ಲ್ಯಾಶಿನ ಕೊನೆಯವರೆಗೆ ಕೂರುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಸೀರಿಯಲ್ ಓದುವುದು, ಪುಟ ಬರೆಯುವುದು, ಬರೆದದ್ದನ್ನು ವಾಪಸ್ ಓದಿ ತೋರಿಸುವುದು ಎಲ್ಲ ಮುಗಿಯಬೇಕು. ಹಾಗಾಗಿ ಅದರಲ್ಲಿ ಬೇರೆ ಏನೂ ಇಲ್ಲ. ಫ್ಯೂಸ್, ಅಂದರೆ ಚಿಪ್ಪಿನೊಳಗಿನ ಸೆಟ್ಟಿಂಗ್ ಬಿಟ್ಟುಗಳನ್ನು, ಬದಲಿಸಲು ಆಗುವುದಿಲ್ಲ. ಫರ್ಮ್‌ವೇರ್ ಪೂರ್ತಿ ಸರಿ ಇದೆಯಾ ಎಂದು ಓಡಿಸುವ ಮೊದಲು ನೋಡುವುದಿಲ್ಲ. ಈ ಎರಡನೇ ವಿಷಯ ಮುಂದೆ ಮತ್ತೆ ಬರುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಹೊಸದಾಗಿ ತಂದ ಖಾಲಿ ಎಟಿಮೆಗಾ ಚಿಪ್ಪಿನಲ್ಲಿ ಬೂಟ್‌ಲೋಡರ್ ಇರುವುದಿಲ್ಲ. ಅದನ್ನು ಮೊದಲ ಸಲ ಹಾಕಲು ಪ್ರೋಗ್ರಾಮರ್ ಬೇಕೇ ಬೇಕು. ಹಾಗಾಗಿ ನಿಜವಾದ ಪ್ರಶ್ನೆ ಪ್ರೋಗ್ರಾಮರ್ ಕೊಳ್ಳಬೇಕಾ ಬೇಡವಾ ಎಂಬುದಲ್ಲ. ಅದು ವರ್ಕ್‌ಶಾಪಿನ ಮೇಜಿನ ಮೇಲೆ ಉಳಿಯುತ್ತದಾ, ಅಥವಾ ಪ್ರತಿ ಸಲ ಹೆಬ್ರಿಗೂ ಹೊರಡಬೇಕಾ ಎಂಬುದು.

ಪ್ರೋಗ್ರಾಮರ್ ಹಿಡಿದು ತೋಟಕ್ಕೆ ಹೋದಾಗ

ನಮ್ಮಲ್ಲಿರುವುದು ಯುಎಸ್‌ಬಿಎಎಸ್‌ಪಿ. ಆರು ಪಿನ್ನಿನ ವಯರ್ ಚಿಪ್ಪಿಗೆ ಹೋಗುತ್ತದೆ. ಪ್ರೋಗ್ರಾಮರ್ ರಿಸೆಟ್ ಕಾಲನ್ನು ಕೆಳಗೆ ಎಳೆದು ಹಿಡಿದುಕೊಂಡು, ಉಳಿದ ಮೂರು ವಯರಿನಲ್ಲಿ ಫ್ಲ್ಯಾಶಿಗೆ ನೇರ ಬರೆಯುತ್ತದೆ. ಚಿಪ್ಪಿನೊಳಗೆ ಯಾವ ಕೋಡೂ ಓಡಬೇಕಾಗಿಲ್ಲ. ಅದೇ ಇದರ ದೊಡ್ಡ ಬಲ. ಒಳಗೆ ಏನೇ ಕೆಟ್ಟಿರಲಿ, ಕ್ಲಾಕ್ ಓಡುತ್ತಿದ್ದರೆ ಇದು ಹೊಸದಾಗಿ ಬರೆಯುತ್ತದೆ. ಫ್ಯೂಸ್, ಲಾಕ್ ಬಿಟ್ ಎಲ್ಲವೂ ಇದರ ಕೈಗೆ ಸಿಗುತ್ತವೆ.

ಆದರೆ ತೋಟದಲ್ಲಿ ಇದೇ ಬಲ ತೊಂದರೆ ಕೊಡುತ್ತದೆ. ಪ್ರೋಗ್ರಾಮರಿನಿಂದ ಫ್ಲ್ಯಾಶ್ ಬರೆಯುವ ಮೊದಲು ಲ್ಯಾಪ್‌ಟಾಪಿನಲ್ಲಿ ಓಡುವ `avrdude` ಎಂಬ ಸಾಫ್ಟ್‌ವೇರ್ ತಾನಾಗಿಯೇ ಇಡೀ ಚಿಪ್ಪನ್ನು ಅಳಿಸುತ್ತದೆ. ಆಗ ಫ್ಲ್ಯಾಶಿನ ಜೊತೆ, ಸೆಟ್ಟಿಂಗುಗಳನ್ನು ಉಳಿಸಿಡುವ ಇಇಪ್ರೋಮ್ ಕೂಡ ಅಳಿಸಿ ಹೋಗಬಹುದು. ನಮ್ಮ ಬೋರ್ಡಿನ ಇಇಪ್ರೋಮಿನಲ್ಲಿ ಏನಿದೆ? ಮನೆಯವರ ಮೊಬೈಲ್ ನಂಬರುಗಳು ಮತ್ತು ಆ ಮೋಟಾರಿಗೆಂದೇ ಅಳೆದು ಇಟ್ಟ ಡ್ರೈ ರನ್ ಮಿತಿ. ಶುರುವಿನಲ್ಲಿ ಎರಡು ತೋಟಗಳಿಗೆ ನಾವು ಪ್ರೋಗ್ರಾಮರ್ ಹಿಡಿದೇ ಹೋಗಿದ್ದೆವು. ಫರ್ಮ್‌ವೇರ್ ಚೆನ್ನಾಗಿ ಕೂತಿತು, ಎಲ್‌ಇಡಿ ಮಿನುಗಿತು, ಪೆಟ್ಟಿಗೆ ಮುಚ್ಚಿ ಬಂದೆವು. ರಾತ್ರಿ ಫೋನ್.

"ಎಂತ ಮಾಡಿದ್ದು ಮಾರಾಯ್ರೇ? ನಾನು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಹೊರಡುದೇ ಇಲ್ಲ."

"ಮೊದಲು ಹೊರಡ್ತಿತ್ತಾ ಶೆಟ್ರೇ?"

"ನೀವು ಬರುವವರೆಗೆ ಸರಿ ಇತ್ತು."

ಬೋರ್ಡಿಗೆ ಅವರ ನಂಬರೇ ಮರೆತು ಹೋಗಿತ್ತು. ಮಾರನೇ ದಿನ ಬೆಳಿಗ್ಗೆ ಮತ್ತೆ ಹೋಗಿ ನಂಬರ್ ಹಾಕಿ, ಕೆರೆಯ ವಾಲ್ವ್ ಮುಚ್ಚಿ ಡ್ರೈ ರನ್ ಮಿತಿಯನ್ನು ಹೊಸದಾಗಿ ಅಳೆಯಬೇಕಾಯಿತು. ಅರ್ಧ ದಿನದ ಕೆಲಸ.

ಇದಕ್ಕೆ ಮದ್ದು ಒಂದು ಫ್ಯೂಸ್ ಬಿಟ್. ಊನೋ ಬೋರ್ಡಿನ ಹೈ ಫ್ಯೂಸ್ `0xDE`. ಅದರಲ್ಲಿ ಇಇಪ್ರೋಮ್ ಉಳಿಸುವ ಬಿಟ್ ಆನ್ ಆಗಿರುವುದಿಲ್ಲ. `0xD6` ಮಾಡಿದರೆ ಚಿಪ್ ಅಳಿಸಿದರೂ ಇಇಪ್ರೋಮ್ ಹಾಗೇ ಉಳಿಯುತ್ತದೆ. ಬೂಟ್‌ಲೋಡರಿಗೆ ಸಂಬಂಧಪಟ್ಟ ಬಿಟ್ಟುಗಳು ಎರಡರಲ್ಲೂ ಒಂದೇ. ನಾವು ಈಗ ಪ್ರತಿ ಹೊಸ ಬೋರ್ಡಿಗೂ `0xD6` ಹಾಕುತ್ತೇವೆ, ಸೀರಿಯಲ್‌ನಿಂದಲೇ ಅಪ್‌ಡೇಟ್ ಮಾಡುವುದಾದರೂ ಸರಿ.

ಇನ್ನೂ ಎರಡು ಸಂಗತಿ. ಪ್ರೋಗ್ರಾಮರ್ ಬಳಸುವ ಕಾಲುಗಳು ಆರ್ಡುಯಿನೋ ಲೆಕ್ಕದಲ್ಲಿ 11, 12, 13ನೇ ಡಿಜಿಟಲ್ ಪಿನ್ನುಗಳೇ. ಅಲ್ಲಿ ಬಜರೋ ರಿಲೇಯೋ ಇದ್ದರೆ ಬರೆಯುವಷ್ಟು ಹೊತ್ತು ಅದು ಕಟಕಟ ಅನ್ನುತ್ತದೆ. ಕಾಂಟ್ಯಾಕ್ಟರಿನ ರಿಲೇಯನ್ನು ಆ ಪಿನ್ನುಗಳಲ್ಲಿ ಇಡಲೇಬೇಡಿ. ಮತ್ತೆ ನಮ್ಮ ಕರಾವಳಿಯ ಹವೆಗೆ ಬೋರ್ಡಿನ ಮೇಲೆ ಲ್ಯಾಕರ್ ಹೊಡೆಯಲೇಬೇಕು, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತದೆ. ಆ ಲ್ಯಾಕರಿನ ಅಡಿಯಲ್ಲಿ ಆರು ಪಿನ್ ಹುಡುಕಿ, ಕೆರೆದು, ವಯರ್ ಒತ್ತಿ ಹಿಡಿಯುವುದು ಶೆಡ್ಡಿನ ಅರೆಬೆಳಕಿನಲ್ಲಿ ಕಷ್ಟ. ಸೀರಿಯಲ್ ಪಿನ್ನುಗಳನ್ನಾದರೆ ಪೆಟ್ಟಿಗೆಯ ಬಾಗಿಲಿನ ಹತ್ತಿರ ರಬ್ಬರ್ ಮುಚ್ಚಳದ ಹಿಂದೆ ತಂದು ಇಡಬಹುದು.

ಸೀರಿಯಲ್: ಎಲ್ಲ ನಿಂತಿರುವುದು ಆ ಒಂದು ಸೆಕೆಂಡಿನ ಮೇಲೆ

ಆಪ್ಟಿಬೂಟ್ ಲ್ಯಾಪ್‌ಟಾಪಿಗಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ. ಅದೂ ರಿಸೆಟ್ ಕಾಲಿನಿಂದ ರಿಸೆಟ್ ಆದಾಗ ಮಾತ್ರ. ಕರೆಂಟ್ ಹೋಗಿ ಬಂದು ಶುರುವಾದರೆ ಅದು ಕಾಯುವುದೇ ಇಲ್ಲ, ನೇರ ನಮ್ಮ ಫರ್ಮ್‌ವೇರಿಗೆ ಜಿಗಿಯುತ್ತದೆ. ಪಂಪು ಬೋರ್ಡಿಗೆ ಇದು ಒಳ್ಳೆಯದೇ. ಆದರೆ ಅಪ್‌ಡೇಟ್ ಮಾಡುವಾಗ ರಿಸೆಟ್ ಕಾಲನ್ನು ಸರಿಯಾದ ಹೊತ್ತಿಗೆ ಯಾರೋ ಎಳೆಯಬೇಕು.

ಆ ಕೆಲಸ ಸೀರಿಯಲ್ ವಯರಿನ ಡಿಟಿಆರ್ ಲೈನಿನದ್ದು. ಲ್ಯಾಪ್‌ಟಾಪ್ ಪೋರ್ಟ್ ತೆರೆದ ಕೂಡಲೇ ಡಿಟಿಆರ್ ಕೆಳಗೆ ಬೀಳುತ್ತದೆ. ಅಲ್ಲಿಂದ ರಿಸೆಟ್ ಕಾಲಿಗೆ ನೇರ ಜೋಡಿಸಿದರೆ ಚಿಪ್ ರಿಸೆಟ್ಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ನಡುವೆ ಒಂದು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಬೀಳುವ ಒಂದು ಕ್ಷಣ ಮಾತ್ರ ದಾಟುತ್ತದೆ. ರಿಸೆಟ್ ಕಾಲಿನಲ್ಲಿ 10 ಕಿಲೋ ಓಮಿನ ಪುಲ್‌ಅಪ್ ಇದ್ದರೆ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಕಾಲು ಮತ್ತೆ ಮೇಲೇರುತ್ತದೆ. ಚಿಪ್ಪಿಗೆ ಅಷ್ಟು ಸಾಕು.

ಕೂಡಲೇ ಲ್ಯಾಪ್‌ಟಾಪ್ `0x30 0x20` ಎಂಬ ಎರಡು ಬೈಟ್ ಕಳಿಸುತ್ತದೆ. "ಇದ್ದೀಯಾ?" ಎಂದು ಕರೆದ ಹಾಗೆ. ಬೂಟ್‌ಲೋಡರ್ `0x14 0x10` ಎಂದು ಓಗೊಡುತ್ತದೆ. ಇಷ್ಟು ಮಾತು ನಡೆದರೆ ಮುಂದಿನದು ಬೇಗ ಮುಗಿಯುತ್ತದೆ. ನಮ್ಮ ಫರ್ಮ್‌ವೇರ್ 18 ಕೆಬಿ, ಅಂದರೆ 144 ಪುಟ. 115200 ವೇಗದಲ್ಲಿ ಸೆಕೆಂಡಿಗೆ 11,520 ಬೈಟ್ ಹೋಗುತ್ತದೆ, ಅಷ್ಟೂ ಬೈಟ್ ವಯರ್ ದಾಟಲು 1.6 ಸೆಕೆಂಡ್. ಪುಟ ಬರೆಯುವ ಹೊತ್ತು, ಮತ್ತೆ ಓದಿ ತಾಳೆ ನೋಡುವ ಹೊತ್ತು ಸೇರಿಸಿದರೂ ಹತ್ತು ಸೆಕೆಂಡಿನೊಳಗೆ ಕೆಲಸ ಆಗುತ್ತದೆ.

```
avrdude -c arduino -p m328p -P COM5 -b 115200 -D -U flash:w:pump_v3.hex:i
```

ಇಲ್ಲಿರುವ `-D` ಇಡೀ ಚಿಪ್ ಅಳಿಸಬೇಡ ಎಂದು ಹೇಳುತ್ತದೆ. ಪುಟ ಅಳಿಸುವ ಕೆಲಸ ಬೂಟ್‌ಲೋಡರೇ ಮಾಡಿಕೊಳ್ಳುತ್ತದೆ. ಇಇಪ್ರೋಮನ್ನು ಅದು ಮುಟ್ಟುವುದಿಲ್ಲ. ಶೆಟ್ಟರ ನಂಬರ್ ಇದ್ದಲ್ಲೇ ಇರುತ್ತದೆ.

ಬೂಟ್‌ಲೋಡರ್ ಸಿಗದಿದ್ದರೆ ಪರದೆಯಲ್ಲಿ ಕಾಣುವುದು ಈ ಸಾಲು:

```
avrdude: stk500_getsync() attempt 1 of 10: not in sync: resp=0x00
```

ಇದನ್ನು ನೋಡಿದ ಕೂಡಲೇ ಚಿಪ್ ಸುಟ್ಟಿತು ಎಂದು ಬದಲಿಸಲು ಹೋಗಬೇಡಿ. ಮೊದಲು ಬೋರ್ಡಿನ ರಿಸೆಟ್ ಬಟನ್ ಒತ್ತಿ 13ನೇ ಪಿನ್ನಿನ ಎಲ್‌ಇಡಿ ನೋಡಿ. ಬೂಟ್‌ಲೋಡರ್ ಒಳಗಿದ್ದರೆ ಅದು ಚಕ್‌ಚಕ್ ಎಂದು ಮೂರು ಸಲ ಮಿನುಗಿ ಆಮೇಲೆ ಫರ್ಮ್‌ವೇರಿಗೆ ಬಿಡುತ್ತದೆ. ಮಿನುಗಿದರೆ ಚಿಪ್, ಕ್ರಿಸ್ಟಲ್, ಬೂಟ್‌ಲೋಡರ್ ಮೂರೂ ಸರಿ ಇವೆ, ತಪ್ಪು ವಯರಿನ ಕಡೆ. ಮಿನುಗದಿದ್ದರೆ ಬೂಟ್‌ಲೋಡರ್ ಅಳಿಸಿ ಹೋಗಿದೆ ಅಥವಾ ಫ್ಯೂಸ್ ತಪ್ಪಿದೆ, ಆ ಬೋರ್ಡು ಪ್ರೋಗ್ರಾಮರಿನ ಹತ್ತಿರ ಬರಬೇಕು.

ವಯರಿನ ಕಡೆ ಎಂದಾದರೆ ಅದನ್ನು ಬೋರ್ಡಿನಿಂದ ಬಿಡಿಸಿ. ಅದರದ್ದೇ ಟಿಎಕ್ಸ್ ಮತ್ತು ಆರ್‌ಎಕ್ಸ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿ, ಟರ್ಮಿನಲ್ಲಿನಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದೇ ವಾಪಸ್ ಕಂಡರೆ ವಯರೂ ಡ್ರೈವರೂ ಸರಿ. ಉಳಿದದ್ದು ಡಿಟಿಆರ್. ಕೆಲವು ಅಗ್ಗದ ವಯರುಗಳಲ್ಲಿ ಡಿಟಿಆರ್ ಹೊರಗೆ ತಂದೇ ಇರುವುದಿಲ್ಲ, ನಾಲ್ಕೇ ಎಳೆ ಇರುತ್ತದೆ. ಆಗ ಕಮಾಂಡ್ ಒತ್ತಿದ ಕೂಡಲೇ ರಿಸೆಟ್ ಬಟನ್ ಕೈಯಲ್ಲೇ ಒತ್ತಿ ಬಿಡಬೇಕು. ಎರಡು ಮೂರು ಸಲದಲ್ಲಿ ಕೈಗೆ ಹದ ಸಿಗುತ್ತದೆ, ಆದರೆ 27 ಬೋರ್ಡಿಗೆ ಹಾಗೆ ಮಾಡಲು ಹೋಗಬೇಡಿ, ಡಿಟಿಆರ್ ಇರುವ ವಯರ್ ಕೊಳ್ಳಿ.

ವೇಗ ತಪ್ಪಿದರೂ ಇದೇ ಸಾಲು ಬರುತ್ತದೆ. ಹಳೆಯ ನ್ಯಾನೋ ಬೋರ್ಡುಗಳಲ್ಲಿರುವುದು 2 ಕೆಬಿಯ ಹಳೆಯ ಬೂಟ್‌ಲೋಡರ್, ಅದು ಮಾತಾಡುವುದು 57600 ವೇಗದಲ್ಲಿ. ಆರ್ಡುಯಿನೋ ಐಡಿಇಯಲ್ಲಿ `ATmega328P (Old Bootloader)` ಎಂದು ಆರಿಸುವುದು ಇದಕ್ಕೇ.

ವೇಗದ ಮಾತು ಬಂತಲ್ಲ, ಕ್ರಿಸ್ಟಲ್ ಬಗ್ಗೆಯೂ ಹೇಳುತ್ತೇನೆ. ದುಡ್ಡು ಉಳಿಸಲು ಕೆಲವರು ಕ್ರಿಸ್ಟಲ್ ಬಿಟ್ಟು ಚಿಪ್ಪಿನ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನೇ ಬಳಸುತ್ತಾರೆ. ಆ ಕ್ಲಾಕ್ ಫ್ಯಾಕ್ಟರಿಯಿಂದ ಬರುವಾಗ 10 ಪರ್ಸೆಂಟಿನವರೆಗೆ ಆಚೀಚೆ ಇರಬಹುದು, ಬಿಸಿಗೆ ಮತ್ತೆ ಸರಿಯುತ್ತದೆ. ಅದು ಸಾಲದ್ದಕ್ಕೆ 8 ಮೆಗಾಹರ್ಟ್ಸಿನಲ್ಲಿ 115200ನ್ನು ಭಾಗಿಸುವಾಗಲೇ 3.5 ಪರ್ಸೆಂಟ್ ತಪ್ಪು ಉಳಿಯುತ್ತದೆ. 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಆ ತಪ್ಪು 2.1 ಪರ್ಸೆಂಟ್ ಮಾತ್ರ, 57600ಕ್ಕೆ ಇಳಿದರೆ ಒಂದು ಪರ್ಸೆಂಟಿಗಿಂತಲೂ ಕಡಿಮೆ. ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿ ಕಾದ ಪೆಟ್ಟಿಗೆಯನ್ನು ಯೋಚಿಸಿ. ಮಂಗಳೂರಿನ ಮೇಜಿನ ಮೇಲೆ ಸಿಕ್ಕಿದ ಬೋರ್ಡು ಅಲ್ಲಿ ಸಿಗದೇ ಹೋಗಬಹುದು. ಪ್ರೋಗ್ರಾಮರಿಗೆ ಈ ತಾಪತ್ರಯ ಇಲ್ಲ, ಅದು ತನ್ನದೇ ಕ್ಲಾಕ್ ವಯರನ್ನು ಜೊತೆಗೆ ಕಳಿಸುತ್ತದೆ. ಹಾಗಾಗಿ ಕ್ರಿಸ್ಟಲ್ ಇಲ್ಲದ ಬೋರ್ಡಿಗೆ ನಾನು ಸೀರಿಯಲ್ ಬೂಟ್‌ಲೋಡರ್ ಆರಿಸುವುದಿಲ್ಲ.

ಒಂದೇ ಲೈನಿನಲ್ಲಿ ಇಬ್ಬರು ಮಾತಾಡಿದರೆ

ನಮಗೆ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಇದು. ಎಟಿಮೆಗಾ328ಪಿಯಲ್ಲಿ ಇರುವುದು ಒಂದೇ ಸೀರಿಯಲ್ ಪೋರ್ಟ್. ಅದರಲ್ಲಿ ನಮ್ಮ ಜಿಎಸ್‌ಎಂ ಮಾಡ್ಯೂಲ್ ಕೂತಿದೆ. ಅಪ್‌ಡೇಟ್ ವಯರ್ ಕೂಡ ಅಲ್ಲಿಗೇ ಬರಬೇಕು. ಮೇಜಿನ ಮೇಲೆ ಮಾಡ್ಯೂಲ್ ಇಲ್ಲದೆ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇತ್ತು. ತೋಟದಲ್ಲಿ ಹತ್ತು ಸಲಕ್ಕೆ ಒಂದು ಸಲವೂ ಸಿಗಲಿಲ್ಲ.

ಕಾರಣ ಎರಡು. ಮಾಡ್ಯೂಲ್ ಸುಮ್ನೆ ಇರುವಾಗಲೂ ತನ್ನ ಟಿಎಕ್ಸ್ ಲೈನನ್ನು ಮೇಲಕ್ಕೆ ಗಟ್ಟಿಯಾಗಿ ಹಿಡಿದಿರುತ್ತದೆ. ಲ್ಯಾಪ್‌ಟಾಪಿನ ವಯರ್ ಕೆಳಗೆ ಎಳೆಯಲು ನೋಡುತ್ತದೆ. ಎರಡರ ಜಗ್ಗಾಟದಲ್ಲಿ ಚಿಪ್ಪಿಗೆ ಏನೂ ಕೇಳಿಸುವುದಿಲ್ಲ. ಎರಡನೆಯದಾಗಿ, ನೆಟ್‌ವರ್ಕ್ ಸಿಕ್ಕಾಗ, ಮೆಸೇಜ್ ಬಂದಾಗ ಮಾಡ್ಯೂಲ್ ಕೇಳದೇ ಇದ್ದರೂ ಮಾತಾಡುತ್ತದೆ. ಆಪ್ಟಿಬೂಟಿಗೆ ಅರ್ಥವಾಗದ ಬೈಟ್ ಬಂದರೆ ಅದು ಒಂದು ಸೆಕೆಂಡ್ ಪೂರ್ತಿ ಕಾಯುವುದೂ ಇಲ್ಲ. ಹೊತ್ತು ಮೀರಿದರೆ ಚಿಪ್ಪನ್ನು ರಿಸೆಟ್ ಮಾಡುವ ವಾಚ್‌ಡಾಗ್ ಟೈಮರನ್ನು 16 ಮಿಲಿಸೆಕೆಂಡಿಗೆ ಇಟ್ಟು ತಾನೇ ರಿಸೆಟ್ ಆಗಿ ಫರ್ಮ್‌ವೇರಿಗೆ ಹೋಗಿ ಬಿಡುತ್ತದೆ. ಲ್ಯಾಪ್‌ಟಾಪ್ ಕರೆಯುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಊನೋ ಬೋರ್ಡಿನಲ್ಲಿ ಯುಎಸ್‌ಬಿ ಚಿಪ್ಪಿನಿಂದ ಬರುವ ಲೈನಿನಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇದೆ. ಅದನ್ನು ನೋಡಿ ನಾವೂ ನಮ್ಮ ಬೋರ್ಡಿನಲ್ಲಿ ಅಪ್‌ಡೇಟ್ ಲೈನಿಗೇ ರೆಸಿಸ್ಟರ್ ಹಾಕಿದ್ದೆವು. ಅದೇ ತಪ್ಪು. ರೆಸಿಸ್ಟರ್ ಯಾರ ದಾರಿಯಲ್ಲಿದೆಯೋ ಅವರ ಹಿಡಿತ ಸಡಿಲ. ಊನೋದಲ್ಲಿ ಮೇಲೆ ಕೂರುವ ಮಾಡ್ಯೂಲ್ ಗೆಲ್ಲಲಿ ಎಂದು ಹಾಗೆ ಇಟ್ಟಿದ್ದಾರೆ. ನಮಗೆ ಲ್ಯಾಪ್‌ಟಾಪ್ ಗೆಲ್ಲಬೇಕು. ಮುಂದಿನ ಬೋರ್ಡುಗಳಲ್ಲಿ 1 ಕಿಲೋ ಓಮನ್ನು ಜಿಎಸ್‌ಎಂ ಮಾಡ್ಯೂಲಿನ ಟಿಎಕ್ಸ್ ದಾರಿಗೆ ಸರಿಸಿ, ಅಪ್‌ಡೇಟ್ ಲೈನನ್ನು ನೇರ ಬಿಟ್ಟೆವು. ಆಗ ಮಾಡ್ಯೂಲ್ ಏನೇ ಮಾತಾಡಿದರೂ ಲ್ಯಾಪ್‌ಟಾಪಿನ ವಯರ್ ಜೋಡಿಸಿದ ಮೇಲೆ ಚಿಪ್ಪಿಗೆ ಕೇಳಿಸುವುದು ಲ್ಯಾಪ್‌ಟಾಪಿನ ಮಾತು. ಹಳೆಯ 27 ಬೋರ್ಡುಗಳಲ್ಲಿ ಅಪ್‌ಡೇಟ್ ಮಾಡುವಾಗ ಮಾಡ್ಯೂಲಿನ ಪ್ಲಗ್ ಕಿತ್ತು, ಮುಗಿದ ಮೇಲೆ ಹಾಕಿದೆವು.

ಡಿಟಿಆರ್ ಇಟ್ಟರೆ ಬರುವ ಇನ್ನೊಂದು ಕಿರಿಕಿರಿಯನ್ನೂ ಮರೆಯಬಾರದು. ಸುಮ್ನೆ ಲಾಗ್ ನೋಡಲು ಟರ್ಮಿನಲ್ ತೆರೆದರೂ ಬೋರ್ಡು ರಿಸೆಟ್ ಆಗುತ್ತದೆ, ಓಡುತ್ತಿದ್ದ ಮೋಟಾರ್ ನಿಲ್ಲುತ್ತದೆ. ಕೆಪಾಸಿಟರಿನ ದಾರಿಯಲ್ಲಿ ಒಂದು ಜಂಪರ್ ಇಟ್ಟು, ಅಪ್‌ಡೇಟ್ ಮಾಡುವಾಗ ಮಾತ್ರ ಹಾಕಿಕೊಂಡರೆ ಸಾಕು.

ನಡುವೆ ಕರೆಂಟ್ ಹೋದರೆ

ಇದನ್ನು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. 144 ಪುಟದಲ್ಲಿ 90 ಬರೆದಾಗ ವಯರ್ ಕಿತ್ತಿತು ಎಂದುಕೊಳ್ಳಿ. ಬರೆಯುವುದು ವಿಳಾಸ ಸೊನ್ನೆಯಿಂದ ಮೇಲಕ್ಕೆ. ಹಾಗಾಗಿ ಈಗ ಚಿಪ್ಪಿನಲ್ಲಿ ತಲೆ ಹೊಸ ಫರ್ಮ್‌ವೇರಿನದ್ದು, ಬಾಲದ 54 ಪುಟ ಹಳೆಯದ್ದು. ಬೂಟ್‌ಲೋಡರ್ ಮಾತ್ರ ಕೊನೆಯಲ್ಲಿ ಹಾಗೇ ಇದೆ. ಲಾಕ್ ಬಿಟ್ `0xCF` ಹಾಕಿದ್ದರೆ ಅದು ತನ್ನ ಮೇಲೆ ತಾನೇ ಬರೆದುಕೊಳ್ಳಲೂ ಆಗುವುದಿಲ್ಲ. ಹಾಗಾಗಿ ಬೋರ್ಡು ಸತ್ತಿಲ್ಲ. ಮತ್ತೆ ವಯರ್ ಹಾಕಿ ಅದೇ ಕಮಾಂಡ್ ಕೊಟ್ಟರೆ ಡಿಟಿಆರ್ ರಿಸೆಟ್ ಮಾಡುತ್ತದೆ, ಬೂಟ್‌ಲೋಡರ್ ಓಗೊಡುತ್ತದೆ, ಮೊದಲಿನಿಂದ ಬರೆಯುತ್ತದೆ.

ಅಪಾಯ ಇರುವುದು ಆ ನಡುವಿನ ಹೊತ್ತಿನಲ್ಲಿ. ಕರೆಂಟ್ ವಾಪಸ್ ಬಂದರೆ ಆಪ್ಟಿಬೂಟ್ ಏನನ್ನೂ ನೋಡದೆ ಈ ಅರ್ಧಂಬರ್ಧ ಫರ್ಮ್‌ವೇರಿಗೆ ಜಿಗಿಯುತ್ತದೆ. ಅದು ಏನು ಮಾಡುತ್ತದೆ ಎಂದು ಯಾರೂ ಹೇಳಲಾರರು. ರಿಲೇ ಪಿನ್ ಮೇಲೆ ಹೋಗಿ ಮೋಟಾರ್ ಹೊರಡಬಹುದು, ಡ್ರೈ ರನ್ ನೋಡುವ ಕೋಡ್ ಓಡದೇ ಇರಬಹುದು. ಅದಕ್ಕೇ ನಮ್ಮ ಹುಡುಗರಿಗೆ ಒಂದೇ ಕಟ್ಟುನಿಟ್ಟು: ಮೊದಲು ಮೋಟಾರಿನ ಎಂಸಿಬಿ ಇಳಿಸಬೇಕು, ಆಮೇಲೆ ಪೆಟ್ಟಿಗೆ ತೆರೆಯಬೇಕು. ಅಪ್‌ಡೇಟ್ ಆಗುವಷ್ಟು ಹೊತ್ತು ಬೋರ್ಡಿಗೆ 5 ವೋಲ್ಟ್ ಲ್ಯಾಪ್‌ಟಾಪಿನಿಂದಲೇ ಹೋಗುತ್ತದೆ, ತೋಟದ ಕರೆಂಟ್ ಇದ್ದರೂ ಇಲ್ಲದಿದ್ದರೂ ನಮಗೆ ಒಂದೇ. ರಿಲೇ ಓಡಿಸುವ ಟ್ರಾನ್ಸಿಸ್ಟರಿನ ಬೇಸಿಗೆ 10 ಕಿಲೋ ಓಮಿನ ಪುಲ್‌ಡೌನ್ ಕೂಡ ಇರಬೇಕು. ರಿಸೆಟ್ ಆದಾಗ, ಬೂಟ್‌ಲೋಡರ್ ಓಡುವಾಗ ಪಿನ್ನುಗಳು ತೇಲುತ್ತಿರುತ್ತವೆ. ಪುಲ್‌ಡೌನ್ ಇಲ್ಲದಿದ್ದರೆ ರಿಲೇ ತನ್ನಷ್ಟಕ್ಕೆ ಎಳೆಯಬಹುದು.

ಮನುಷ್ಯರು ಹತ್ತಿರ ಇಲ್ಲದೆ ಅಪ್‌ಡೇಟ್ ಆಗಬೇಕು ಎಂದಾದರೆ ಆಪ್ಟಿಬೂಟ್ ಸಾಲದು. ಓಡಿಸುವ ಮೊದಲು ಇಡೀ ಫರ್ಮ್‌ವೇರಿನ ಸಿಆರ್‌ಸಿ ತಾಳೆ ನೋಡಿ, ತಾಳೆ ಬರದಿದ್ದರೆ ಬೂಟ್‌ಲೋಡರಿನಲ್ಲೇ ಕಾಯುವಂಥದ್ದು ಬೇಕು. ಅದನ್ನು ನಾವೇ ಬರೆಯಬಹುದು, ಆದರೆ 512 ಬೈಟಿನಲ್ಲಿ ಹಿಡಿಸುವುದು ಕಷ್ಟ. ಬೂಟ್ ಭಾಗವನ್ನು 1 ಅಥವಾ 2 ಕೆಬಿಗೆ ಏರಿಸಬೇಕು. 2 ಕೆಬಿಗೆ ಇಇಪ್ರೋಮ್ ಉಳಿಸದ ಹೈ ಫ್ಯೂಸ್ `0xDA`. ಮನುಷ್ಯ ಪಕ್ಕದಲ್ಲೇ ನಿಂತು ಮಾಡುವ ನಮ್ಮ ಕೆಲಸಕ್ಕೆ ಅಷ್ಟು ಬೇಕಾಗಲಿಲ್ಲ.

ಫ್ಯಾಕ್ಟರಿಯಿಂದಲೇ ಬಂದದ್ದು

ಹೊಸ ಬೋರ್ಡು ಮಾಡುವವರು ಇದನ್ನೂ ನೋಡಿ. ಎಸ್‌ಟಿಎಂ32 ಚಿಪ್ಪುಗಳಲ್ಲಿ ಸೀರಿಯಲ್ ಬೂಟ್‌ಲೋಡರ್ ಬೇರೆಯೇ ಜಾಗದಲ್ಲಿ ಇರುತ್ತದೆ, ಅಳಿಸಲು ಬರುವುದಿಲ್ಲ. ಖಾಲಿ ಚಿಪ್ಪಿಗೂ ಪ್ರೋಗ್ರಾಮರ್ ಬೇಡ. ಎಫ್103ರಲ್ಲಿ ಬೂಟ್0 ಕಾಲನ್ನು ಮೇಲಕ್ಕೂ ಬೂಟ್1 ಕಾಲನ್ನು ಕೆಳಕ್ಕೂ ಇಟ್ಟು ರಿಸೆಟ್ ಕೊಟ್ಟರೆ ಅದು ಮೊದಲನೇ ಸೀರಿಯಲ್ ಪೋರ್ಟಿನಲ್ಲಿ ಕಾಯುತ್ತದೆ. ಇಲ್ಲಿ ಒಂದು ಸೆಕೆಂಡಿನ ಗಡಿಬಿಡಿ ಇಲ್ಲ. ಲ್ಯಾಪ್‌ಟಾಪ್ `0x7F` ಕಳಿಸಿದರೆ ಅದರಿಂದಲೇ ವೇಗ ಅಳೆದುಕೊಂಡು `0x79` ಎಂದು ಉತ್ತರ ಕೊಡುತ್ತದೆ. ಮಾತು ಈವನ್ ಪ್ಯಾರಿಟಿಯಲ್ಲಿ. ಕೈಯಾರೆ ಟರ್ಮಿನಲ್ ತೆರೆದು ಪರೀಕ್ಷಿಸುವವರು ಪ್ಯಾರಿಟಿ ಹಾಕಲು ಮರೆತು, ಚಿಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

```
stm32flash -w pump.bin -v -g 0x0 /dev/ttyUSB0
```

ಇದರಲ್ಲಿ ಬೂಟ್0 ಕಾಲಿಗೆ ಜಂಪರೋ ಸ್ವಿಚ್ಚೋ ಬೇಕು, ಮುಗಿದ ಮೇಲೆ ವಾಪಸ್ ಇಡಲೂ ಬೇಕು. ಇಡಲು ಮರೆತರೆ ಮುಂದಿನ ಸಲ ಕರೆಂಟ್ ಬಂದಾಗ ಬೋರ್ಡು ಫರ್ಮ್‌ವೇರಿಗೆ ಹೋಗದೆ ಬೂಟ್‌ಲೋಡರಿನಲ್ಲೇ ಕೂತಿರುತ್ತದೆ. ನಾನಾದರೆ ಒತ್ತಿ ಹಿಡಿದಾಗ ಮಾತ್ರ ಆನ್ ಆಗುವ ಬಟನ್ ಇಡುತ್ತೇನೆ.

ಇಎಸ್‌ಪಿ32 ಕೂಡ ಹೀಗೆಯೇ. ರಿಸೆಟ್ ಆಗುವ ಕ್ಷಣದಲ್ಲಿ ಜಿಪಿಐಓ0 ಕೆಳಗಿದ್ದರೆ ಬೂಟ್‌ಲೋಡರಿಗೆ ಹೋಗುತ್ತದೆ. ಡೆವಲಪ್‌ಮೆಂಟ್ ಬೋರ್ಡುಗಳಲ್ಲಿ ಡಿಟಿಆರ್, ಆರ್‌ಟಿಎಸ್ ಎರಡಕ್ಕೂ ಸೇರಿಸಿ ಎರಡು ಟ್ರಾನ್ಸಿಸ್ಟರ್ ಇಟ್ಟು ಇದನ್ನು ತಾನಾಗಿಯೇ ಆಗುವಂತೆ ಮಾಡಿರುತ್ತಾರೆ.

ಫರ್ಮ್‌ವೇರ್ ಕದಿಯುತ್ತಾರೆ ಎಂಬ ಚಿಂತೆ ಇರುವವರಿಗೆ ಎಸ್‌ಟಿಎಂ32 ಒಳ್ಳೆಯದು. ಓದದಂತೆ ಲಾಕ್ ಮಾಡಿದರೆ ಬೂಟ್‌ಲೋಡರ್ ಓದಲು ಬಿಡುವುದಿಲ್ಲ, ಲಾಕ್ ತೆಗೆಯಲು ಹೋದರೆ ಫ್ಲ್ಯಾಶ್ ಅಳಿಸುತ್ತದೆ. ಆಪ್ಟಿಬೂಟಾದರೆ ಕೇಳಿದವರಿಗೆ ಸೀರಿಯಲ್‌ನಲ್ಲೇ ಇಡೀ ಫ್ಲ್ಯಾಶ್ ಓದಿ ಕೊಡುತ್ತದೆ. ತಾಳೆ ನೋಡುವುದು ಅದೇ ದಾರಿಯಿಂದ ತಾನೇ?

ಹಾಗಾದರೆ ಯಾವುದು?

ಐದೋ ಆರೋ ಬೋರ್ಡು, ಅದೂ ಮೇಜಿನ ಪಕ್ಕದಲ್ಲೇ ಇರುವಂಥವು, ಎಂದಾದರೆ ಪ್ರೋಗ್ರಾಮರ್ ಸಾಕು. ಬೂಟ್‌ಲೋಡರಿನ ತಲೆನೋವು ಬೇಡ. ಕ್ರಿಸ್ಟಲ್ ಇಲ್ಲದವು, ಫ್ಲ್ಯಾಶಿನ ಕೊನೆಯ ಬೈಟಿನವರೆಗೂ ತುಂಬಿದವು, ಇವಕ್ಕೂ ಪ್ರೋಗ್ರಾಮರೇ. ಬೋರ್ಡು ದೂರದಲ್ಲಿದ್ದು, ಒಳಗೆ ಉಳಿಸಬೇಕಾದ ಸೆಟ್ಟಿಂಗ್ ಇದ್ದು, ಹೋಗುವವರು ಎಲೆಕ್ಟ್ರಿಷಿಯನ್ ಹುಡುಗರು ಎಂದಾದರೆ ಸೀರಿಯಲ್. ನಾವು ಮಾಡುವುದು ಹೀಗೆ. ಬೋರ್ಡು ಸೋಲ್ಡರ್ ಆಗಿ ಬಂದ ದಿನ, ಲ್ಯಾಕರ್ ಹೊಡೆಯುವ ಮೊದಲು, ಪ್ರೋಗ್ರಾಮರಿನಿಂದ ಈ ಎರಡು ಸಾಲು ಓಡಿಸುತ್ತೇವೆ:

```
avrdude -c usbasp -B 10 -p m328p -U lfuse:w:0xFF:m -U hfuse:w:0xD6:m -U efuse:w:0xFD:m
avrdude -c usbasp -p m328p -U flash:w:optiboot_atmega328.hex:i -U lock:w:0xCF:m
```

ಮೊದಲ ಸಾಲಿನ `-B 10` ಮುಖ್ಯ. ಹೊಸ ಚಿಪ್ 1 ಮೆಗಾಹರ್ಟ್ಸಿನಲ್ಲಿ ನಿಧಾನ ಓಡುತ್ತಿರುತ್ತದೆ, ಪ್ರೋಗ್ರಾಮರೂ ನಿಧಾನ ಮಾತಾಡಬೇಕು. ಫ್ಯೂಸ್ ಕೂತ ಮೇಲೆ ಕ್ರಿಸ್ಟಲ್ ಹಿಡಿಯುತ್ತದೆ, ಆಗ ವೇಗವಾಗಿ ಮಾತಾಡಬಹುದು.

ಅಲ್ಲಿಂದ ಮುಂದೆ ಆ ಬೋರ್ಡಿಗೆ ಪ್ರೋಗ್ರಾಮರ್ ಮುಟ್ಟಿಸುವುದಿಲ್ಲ. ಐಡಿಇಯಲ್ಲಿ `Upload Using Programmer` ಎಂದು ಇದೆ. ಒಮ್ಮೆ ನಮ್ಮಲ್ಲಿ ಒಂದು ಕಟ್ಟು ಬೋರ್ಡುಗಳಿಗೆ ಕೊನೆಯ ಪರೀಕ್ಷೆಯ ಫರ್ಮ್‌ವೇರನ್ನು ಹಾಗೆ ಹಾಕಿಬಿಟ್ಟಿದ್ದರು. ಎಲ್ಲವೂ ಚೆನ್ನಾಗಿ ಓಡಿದವು, ತೋಟಕ್ಕೂ ಹೋದವು. ಆದರೆ ಹಾಗೆ ಹಾಕುವಾಗ ಬೂಟ್‌ಲೋಡರ್ ಅಳಿಸಿ ಹೋಗಿತ್ತು, ಅದು ಗೊತ್ತಾದದ್ದು ಮೊದಲ ಅಪ್‌ಡೇಟಿಗೆ ಹೋದಾಗ. ಈಗ ಪೆಟ್ಟಿಗೆ ಮುಚ್ಚುವ ಮೊದಲು ರಿಸೆಟ್ ಒತ್ತಿ ಮೂರು ಮಿನುಗು ನೋಡುವುದು ನಮ್ಮ ಕೊನೆಯ ಪರೀಕ್ಷೆ.

ಒಂದು ಕಡೆ ಮಾತ್ರ ನಾನು ಸೀರಿಯಲ್ ವಯರನ್ನು ಖಂಡಿತ ಬೇಡ ಅನ್ನುತ್ತೇನೆ. ಅಗ್ಗದ ಕೆಲವು ಕಂಟ್ರೋಲರುಗಳಲ್ಲಿ ಟ್ರಾನ್ಸ್‌ಫಾರ್ಮರೂ ಇಲ್ಲ, ಐಸೋಲೇಟೆಡ್ ಎಸ್‌ಎಂಪಿಎಸ್ಸೂ ಇಲ್ಲ. ಒಂದು ಕೆಪಾಸಿಟರ್ ಮತ್ತು ಜೀನರ್ ಇಟ್ಟು 230 ವೋಲ್ಟಿನಿಂದ ನೇರ 5 ವೋಲ್ಟ್ ಮಾಡಿರುತ್ತಾರೆ. ಅಂಥ ಬೋರ್ಡಿನ ಗ್ರೌಂಡ್ ಅಂದರೆ ಮೈನ್ಸ್ ಲೈನೇ. ಲ್ಯಾಪ್‌ಟಾಪ್ ಜೋಡಿಸಿದರೆ ಅದು ಸುಡುತ್ತದೆ, ಅದನ್ನು ತೊಡೆಯ ಮೇಲಿಟ್ಟು ಕುಳಿತವರ ಜೀವಕ್ಕೂ ಅಪಾಯ. ಪೆಟ್ಟಿಗೆಯೊಳಗೆ ಮೈನ್ಸ್ ಲೈನಿನಲ್ಲಿ ಹಳದಿಯ ದಪ್ಪ ಚೌಕ ಕೆಪಾಸಿಟರ್ ಕಂಡು, ಟ್ರಾನ್ಸ್‌ಫಾರ್ಮರ್ ಎಲ್ಲೂ ಕಾಣದಿದ್ದರೆ ವಯರ್ ಜೋಡಿಸಬೇಡಿ. ಮೈನ್ಸಿನ ಎರಡೂ ವಯರ್ ಬಿಡಿಸಿ, ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಸಿ, ಬೋರ್ಡನ್ನು ಬಿಚ್ಚಿ ಮೇಜಿಗೆ ತನ್ನಿ.